ನಲವತ್ತೂ ಇಪ್ಪತ್ತೂ ಅರವತ್ತಲ್ವಾ ಟೀಚರೇ?

ಅಲ್ಲ. ಓಣಂ ಬಂತೆಂದರೆ ಕಾಸರಗೋಡಿನ ಜವಳಿ ಅಂಗಡಿಗಳ ಮುಂದೆ 40% + 20% ರಿಯಾಯಿತಿ ಅಂತ ಬೋರ್ಡು ನೇತಾಡುತ್ತದೆ, ಮರುದಿನದಿಂದ ನನಗೆ ಇದೇ ಪ್ರಶ್ನೆ ಶುರು. ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಈ ಸಲ ಒಂದೇ ಸಾರಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸುವುದು.

ನಮ್ಮ ಕಡೆಯ ಎಷ್ಟೋ ಹಿರಿಯರಿಗೆ ಮಲಯಾಳ ಓದಲು ಬರುವುದಿಲ್ಲ. ಆದರೆ ಪ್ಲಸ್ ಚಿಹ್ನೆ ಎಲ್ಲರಿಗೂ ಓದಲು ಬರುತ್ತದೆ. ತಾಪತ್ರಯ ಅಲ್ಲೇ ಇರುವುದು.

ಪಕ್ಕದ ಮನೆಯ ಅಕ್ಕ ಮೊನ್ನೆ ಬಿಲ್ಲು ಹಿಡಿದುಕೊಂಡೇ ಬಂದಿದ್ದರು. ಸೀರೆಯ ಬೆಲೆ 2,400. ಅರವತ್ತು ಪರ್ಸೆಂಟ್ ಹೋದರೆ 960 ಕೊಡಬೇಕು, ಅಂಗಡಿಯವರು 1,152 ತಗೊಂಡಿದ್ದಾರೆ, 192 ರೂಪಾಯಿ ನುಂಗಿದ್ದಾರೆ ಅಂತ ಸಿಟ್ಟು. ನಾನು ಬಿಲ್ಲಿನ ಹಿಂಬದಿಯಲ್ಲೇ ಬರೆದು ತೋರಿಸಿದೆ. 2,400ರಲ್ಲಿ 40 ಪರ್ಸೆಂಟ್ ಅಂದರೆ 960. ಅದನ್ನು ಕಳೆದರೆ ಉಳಿಯುವುದು 1,440. ಎರಡನೆಯ ರಿಯಾಯಿತಿ ಈ 1,440ರ ಮೇಲೆ. ಅದರ 20 ಪರ್ಸೆಂಟ್ 288. ಕಳೆಯಿರಿ, 1,152. ಒಟ್ಟು ಉಳಿತಾಯ 1,248 ರೂಪಾಯಿ, ಅಂದರೆ 52 ಪರ್ಸೆಂಟ್. ಬಿಲ್ಲು ಸರಿಯಾಗಿಯೇ ಇದೆ.

“ಆದರೆ ಪ್ಲಸ್ ಹಾಕಿದ್ದಾರಲ್ಲ?” ಅಂದರು ಅಕ್ಕ.

ಈ ಪ್ಲಸ್ಸಿನ ಮೇಲಿನ ನಂಬಿಕೆ ದೇವರ ಮೇಲೆ ಇದ್ದಿದ್ದರೆ! ಸರಿ, ಕೂಡಿಸಿಯೇ ನೋಡೋಣ. ಅಂಗಡಿಯವನು 50% + 50% ಅಂತ ಬರೆದ ಅಂತಿಟ್ಟುಕೊಳ್ಳಿ. ಕೂಡಿಸಿದರೆ ನೂರು, ಸೀರೆ ಪುಕ್ಕಟೆ. 60% + 50% ಅಂತ ಬರೆದರೆ ನೂರಹತ್ತು. ಆಗ ಸೀರೆಯನ್ನೂ ಕೊಟ್ಟು, ಮೇಲಿಂದ 240 ರೂಪಾಯಿಯನ್ನೂ ನಿಮ್ಮ ಕೈಗೆ ಇಟ್ಟು ಕಳಿಸಬೇಕು. ಯಾವ ಅಂಗಡಿಯವನು ಹಾಗೆ ಮಾಡುತ್ತಾನೆ ಮಾರಾಯ್ರೆ? 50% + 50%ರಲ್ಲಿ ನಿಜವಾಗಿ ಆಗುವುದು ಇಷ್ಟೇ: 2,400 ಅರ್ಧವಾಗಿ 1,200, ಅದು ಮತ್ತೆ ಅರ್ಧವಾಗಿ 600. ಉಳಿತಾಯ 75 ಪರ್ಸೆಂಟ್.

ಪರ್ಸೆಂಟ್ ಅನ್ನುವುದು ತೆಂಗಿನಕಾಯಿ ಹಾಗೆ ಎಣಿಸಿ ಗುಡ್ಡೆ ಹಾಕುವ ವಸ್ತು ಅಲ್ಲ. ಯಾವುದರ ಪರ್ಸೆಂಟ್ ಅಂತ ಮೊದಲು ಕೇಳಬೇಕು. 40 ಇರುವುದು 2,400ರ ಮೇಲೆ, 20 ಇರುವುದು 1,440ರ ಮೇಲೆ. ಹಾಗಾದರೆ ಅಕ್ಕನ 192 ಎಲ್ಲಿ ಹೋಯಿತು? ಮೊದಲೇ ಕಡಿಮೆಯಾದ 960ರ 20 ಪರ್ಸೆಂಟ್ ಎಷ್ಟು ನೋಡಿ. ಸರಿಯಾಗಿ 192! ನೀವು ಕೊಡಲೇಬೇಕಾಗಿಲ್ಲದ ಹಣಕ್ಕೆ ಅಂಗಡಿಯವನು ಇನ್ನೊಮ್ಮೆ ರಿಯಾಯಿತಿ ಕೊಡುವುದಿಲ್ಲ, ಅಷ್ಟೇ. ಹಾಗಂತ ಅವನು ಪಾಪದವನು ಅಂತಲೂ ನಾನು ಹೇಳುವುದಿಲ್ಲ. 52 ಅಂತ ನೇರ ಬರೆಯಬಹುದಿತ್ತು. 40ನ್ನೂ 20ನ್ನೂ ಅಕ್ಕಪಕ್ಕ ಇಟ್ಟರೆ ಜನ ತಾವೇ 60 ಅಂದುಕೊಳ್ಳುತ್ತಾರೆ ಅಂತ ಅವನಿಗೆ ಗೊತ್ತು.

ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಲು ಸುಲಭ ದಾರಿ ಇದೆ. ಎರಡನ್ನೂ ಕೂಡಿಸಿ, 60. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿ, 8. ಅರವತ್ತರಲ್ಲಿ ಎಂಟು ಕಳೆಯಿರಿ. ನನ್ನ ಏಳನೇ ಕ್ಲಾಸಿನ ಮಕ್ಕಳು ಇದನ್ನು ಬಾಯಲ್ಲೇ ಮಾಡುತ್ತಾರೆ. ಮೊಬೈಲು ಕೈಯಲ್ಲಿದ್ದರೆ 2400 × 0.6 × 0.8 ಒತ್ತಿ, ಕೊಡಬೇಕಾದ ಹಣವೇ ಬರುತ್ತದೆ. 20 ಮೊದಲು ಕಳೆದು 40 ಆಮೇಲೆ ಕಳೆದರೂ ಅದೇ 1,152, ಗುಣಾಕಾರದಲ್ಲಿ ಹಿಂದುಮುಂದಾದರೆ ಏನೂ ಆಗುವುದಿಲ್ಲ.

ಆದರೆ ಎರಡನೆಯದು ಪರ್ಸೆಂಟ್ ಅಲ್ಲದೆ 200 ರೂಪಾಯಿಯ ಕೂಪನ್ ಆಗಿದ್ದರೆ ಮಾತ್ರ ಹುಷಾರು. 40 ಪರ್ಸೆಂಟ್ ಕಳೆದ ಮೇಲೆ ಕೂಪನ್ ಕೊಟ್ಟರೆ 1,240 ಆಗುತ್ತದೆ. ಕೂಪನ್ ಮೊದಲು ಕಳೆದು ಆಮೇಲೆ 40 ಪರ್ಸೆಂಟ್ ತೆಗೆದರೆ 1,320. ಎಂಬತ್ತು ರೂಪಾಯಿ ವ್ಯತ್ಯಾಸ. ಬಿಲ್ಲು ಮಾಡುವ ಮೊದಲೇ ಕೇಳಿಕೊಳ್ಳಿ.

ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಡಿಕೆಗೆ ಕಿಲೋಗೆ 400 ಇದ್ದದ್ದು 25 ಪರ್ಸೆಂಟ್ ಇಳಿಯಿತು ಅಂತಿಟ್ಟುಕೊಳ್ಳಿ. 300 ಆಯಿತು. ಆಮೇಲೆ 25 ಪರ್ಸೆಂಟ್ ಏರಿತು. ನಮ್ಮ ಮಾವ ಜಗಲಿಯಲ್ಲಿ ಕೂತು “ಹೋದದ್ದು ಬಂತಲ್ಲ” ಅನ್ನುತ್ತಾರೆ. ಎಲ್ಲಿ ಬಂತು? 300ರ 25 ಪರ್ಸೆಂಟ್ ಬರೀ 75. ರೇಟು 375ಕ್ಕೆ ನಿಂತಿದೆ. ಪುನಃ 400 ಮುಟ್ಟಬೇಕಾದರೆ ಮೂವತ್ತಮೂರು ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿಯೇ ಏರಬೇಕು. ಇದನ್ನು ಹೇಳಿದಾಗ ಮಾವ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಆ 25 ರೂಪಾಯಿ ನಾನೇ ತೆಗೆದುಕೊಂಡ ಹಾಗೆ.