‘ಆದ್ದರಿಂದ’ ಹಾಕಿದರೆ ಪ್ಯಾರಾಗಳು ಕೂಡಿಕೊಳ್ಳುತ್ತವಾ?

ಪ್ರಶ್ನೆ: ಮೇಡಂ, ನನ್ನ ಥೀಸಿಸ್‌ನ ಮೂರನೇ ಅಧ್ಯಾಯದಲ್ಲಿ ಪ್ಯಾರಾಗಳು ಒಂದಕ್ಕೊಂದು ಸೇರುತ್ತಿಲ್ಲ ಅಂತ ಗೈಡ್ ಹೇಳಿದ್ದಾರೆ. ಎಲ್ಲೆಲ್ಲಿ ಯಾವ ಪದ ಹಾಕಿ ಜೋಡಿಸಬೇಕು, ಒಂದು ಪಟ್ಟಿ ಕೊಡ್ತೀರಾ?

ಪಟ್ಟಿ ಕೊಡಲ್ಲ. ಪ್ರತಿ ವರ್ಷ ಇದನ್ನೇ ಕೇಳುತ್ತಾರೆ, ಪ್ರತಿ ವರ್ಷ ಇದನ್ನೇ ಹೇಳುತ್ತೇನೆ. ‘ಆದ್ದರಿಂದ’ ಎಂದು ಬರೆದಿರಿ ಅಂದರೆ, ಕಾರಣ ಮೇಲಿನ ಪ್ಯಾರಾದಲ್ಲಿದೆ ಎಂದು ಮಾತು ಕೊಟ್ಟ ಹಾಗೆ. ಅಲ್ಲಿ ಕಾರಣವೇ ಇಲ್ಲದಿದ್ದರೆ ಆ ಪದ ಬಿರುಕನ್ನು ಮುಚ್ಚಿಡುತ್ತದೆ, ಅಷ್ಟೇ.

ವಿರಾಜಪೇಟೆ ಕಡೆಯ ಒಬ್ಬ ಹುಡುಗಿ ಗದ್ದೆಗಳ ಮೇಲೆ ಬರೆದ ಅಧ್ಯಾಯ ತಂದಿದ್ದಳು. ಒಂದು ಪ್ಯಾರಾ ಹೀಗೆ ಮುಗಿದಿತ್ತು: “ಕೂಲಿ ಏರಿ, ನಾಟಿಗೆ ಆಳು ಸಿಗದೆ ಗದ್ದೆಗಳು ಪಾಳು ಬಿದ್ದಿವೆ.” ಮುಂದಿನದು ಶುರುವಾಗಿದ್ದು ಹೀಗೆ: “ಆದ್ದರಿಂದ ಬೇಸಿಗೆಯಲ್ಲಿ ಬಾವಿಗಳು ಬತ್ತುತ್ತಿವೆ.”

ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ? ನಾವು ಕೊಡಗಿನವರು, ಬಿಟ್ಟುಹೋದದ್ದನ್ನು ನಾವೇ ತುಂಬಿಕೊಂಡು ಓದುತ್ತೇವೆ. ಗದ್ದೆ ನೋಡದ ಪರೀಕ್ಷಕರು ಕೂಲಿಗೂ ಬಾವಿಗೂ ಏನು ಸಂಬಂಧ ಎಂದು ಕೇಳುತ್ತಾರೆ. ನಾಟಿ ನಿಂತರೆ ಬದು ಕಟ್ಟುವವರಿಲ್ಲ. ಬದು ಒಡೆದರೆ ಮಳೆಗಾಲದ ನೀರು ಗದ್ದೆಯಲ್ಲಿ ನಿಲ್ಲದೆ ತೋಡಿಗೆ ಹರಿಯುತ್ತದೆ. ನಿಲ್ಲದ ನೀರು ಇಂಗುವುದು ಕಡಿಮೆ. ಈ ಮೂರು ಹೆಜ್ಜೆಯೂ ಅವಳ ಬರಹದಲ್ಲಿ ಇರಲಿಲ್ಲ. ಒಂದೊಂದಕ್ಕೂ ಪುರಾವೆ ಬೇಕಿತ್ತು.

ಇನ್ನೂ ಒಂದಿದೆ. ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಅದಕ್ಕೆ ಬೋರ್‌ವೆಲ್ ನೀರು ಎತ್ತಿದರೆ ಬಾವಿ ಬತ್ತಲು ಅದೂ ಕಾರಣವಾಗಿರಬಹುದು. ಆ ‘ಆದ್ದರಿಂದ’ ಇದ್ದುದರಿಂದ ಈ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

ಬಿರುಕು ಹುಡುಕಲು ಅಧ್ಯಾಯದ ಪ್ರಿಂಟ್ ತೆಗೆಯಿರಿ. ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತದೆ ಎಂದು ಒಂದೇ ವಾಕ್ಯ ಬರೆಯಿರಿ. “ಕೂಲಿ ಬಗ್ಗೆ” ಎಂದರೆ ಸಾಲದು, “ಕೂಲಿ ಏರಿದ್ದರಿಂದ ನಾಟಿ ನಿಂತಿತು” ಎಂದಿರಬೇಕು. ಒಂದು ವಾಕ್ಯಕ್ಕೆ ಬಗ್ಗದಿದ್ದರೆ ಆ ಪ್ಯಾರಾದಲ್ಲಿ ಎರಡು ವಿಷಯ ಸೇರಿಕೊಂಡಿವೆ. ಆಮೇಲೆ ಪಕ್ಕದ ವಾಕ್ಯಗಳನ್ನಷ್ಟೇ ಸಾಲಾಗಿ ಓದಿ, ಪ್ರತಿ ಎರಡರ ನಡುವೆ “ಹೇಗೆ?” ಎಂದು ಕೇಳಿ. ಉತ್ತರ ನಿಮ್ಮ ತಲೆಯಲ್ಲಿದ್ದು ಹಾಳೆಯ ಮೇಲೆ ಇಲ್ಲದಿದ್ದರೆ ಬಿರುಕು ಅಲ್ಲೇ ಇದೆ. ಎರಡು ವಾಕ್ಯಗಳನ್ನು ಹಿಂದುಮುಂದು ಮಾಡಿದರೂ ಏನೂ ಕೆಡದಿದ್ದರೆ ಅಲ್ಲಿ ವಾದ ಮುಂದೆ ಸಾಗಿಲ್ಲ, ಸುಮ್ನೆ ಸಂಗತಿಗಳನ್ನು ಪೇರಿಸಿದ್ದೀರಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪ್ಯಾರಾವನ್ನು ‘ಇದರಿಂದ’ ಎಂದು ಶುರು ಮಾಡಬೇಡಿ. “ಇದರಿಂದ ರೈತರಿಗೆ ತೊಂದರೆಯಾಗಿದೆ” ಎಂದು ಅವಳು ಬರೆದಿದ್ದಳು. ಯಾವುದರಿಂದ? ಕೂಲಿಯಿಂದಲೋ, ಪಾಳು ಗದ್ದೆಯಿಂದಲೋ, ಬತ್ತಿದ ಬಾವಿಯಿಂದಲೋ? ‘ಇದು’ ತೆಗೆದು ಹೆಸರು ಹಾಕು ಎಂದೆ. ಸ್ವಲ್ಪ ಹೊತ್ತು ಯೋಚಿಸಿ ‘ಕೂಲಿ’ ಎಂದು ಬರೆದಳು. ಆಮೇಲೆ ಅವಳೇ ಆ ಪ್ಯಾರಾವನ್ನು ಬಾವಿಯ ಕೆಳಗಿಂದ ಎತ್ತಿ ಗದ್ದೆಯ ಪ್ಯಾರಾಕ್ಕಿಂತ ಮೇಲೆ ಇಟ್ಟಳು.