ಪದ ಪರಿಚಯ: ಕರ್ತರಿ ಪ್ರಯೋಗ, ‘ಇರಬಹುದು’ ಕಳೆದುಹೋಗದಂತೆ

ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ಓದಿದ ಜೋಡಿ ಇದು. ‘ರಾಮನು ಮರವನ್ನು ಕಡಿದನು’ ಎಂದರೆ ಕರ್ತರಿ ಪ್ರಯೋಗ; ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಎಂದರೆ ಕರ್ಮಣಿ ಪ್ರಯೋಗ. ವಿಜ್ಞಾನದ ಬರಹಕ್ಕೆ ಬಂದರೆ ‘ರಾಮನಿಂದ’ ಎಂಬ ಮಾತು ಬಿದ್ದುಹೋಗಿ ‘ಕಡಿಯಲ್ಪಟ್ಟಿತು’ ಮಾತ್ರ ಉಳಿಯುತ್ತದೆ. ಆ ರೂಪ ತೀರ ಒರಟೆನಿಸಿದವರು ‘ಕಡಿಯಲಾಯಿತು’ ಎಂದು ಬರೆಯುತ್ತಾರೆ. ಕಿವಿಗೆ ಅದು ಹಿತವೇ, ಆದರೆ ಕಡಿದವರು ಯಾರೆಂಬುದು ಅಲ್ಲಿಯೂ ಗೊತ್ತಾಗುವುದಿಲ್ಲ.

ಇಂಥ ವಾಕ್ಯಗಳನ್ನು ಕರ್ತರಿಗೆ ತಿರುಗಿಸಿ ಎಂಬ ಸಲಹೆ ಸರಿಯಾದದ್ದೇ. ಆದರೆ ತಿರುಗಿಸುವಾಗ ಆಗುವ ಒಂದು ಅನಾಹುತವನ್ನು ತಿದ್ದುಪಡಿಯ ಮೇಜಿನ ಮೇಲೆ ಮತ್ತೆ ಮತ್ತೆ ನೋಡಿದ್ದೇನೆ. ವಾಕ್ಯ ಚುರುಕಾಗುತ್ತದೆ, ಸಂಶೋಧಕರು ಅಳೆದು ತೂಗಿ ಹೇಳಿದ ಮಾತು ಘೋಷಣೆಯಾಗಿಬಿಡುತ್ತದೆ.

ಒಂದು ಮಾದರಿಯನ್ನು ಹಿಡಿದು ನೋಡೋಣ. ಕೃಷಿ ಪ್ರಬಂಧಗಳ ಧಾಟಿಯಲ್ಲಿ ನಾನೇ ಕಟ್ಟಿದ್ದು: ‘ಟೊಮೆಟೊ ತಾಕುಗಳಿಗೆ ಬೇವಿನ ಹಿಂಡಿ ಹಾಕಲ್ಪಟ್ಟಿತು. ಹಿಂಡಿ ಹಾಕಲ್ಪಟ್ಟ ತಾಕುಗಳಲ್ಲಿ ಬೇರುಗಂಟುಗಳು ಕಡಿಮೆಯಿರುವುದು ಗಮನಿಸಲ್ಪಟ್ಟಿತು. ಇದು ಹಿಂಡಿಯಲ್ಲಿರುವ ಅಜಾಡಿರಾಕ್ಟಿನ್‌ನಿಂದ ಉಂಟಾಗಿರಬಹುದು ಎಂದು ಭಾವಿಸಲಾಗಿದೆ.’

ಬೇರುಗಂಟು ಎಂದರೆ ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳುಗಳು ಬೇರನ್ನು ಹೊಕ್ಕಾಗ ಅಲ್ಲಿ ಏಳುವ ಗಂಟು; ಅಜಾಡಿರಾಕ್ಟಿನ್ ಬೇವಿನಲ್ಲಿರುವ, ಕೀಟಗಳನ್ನು ತಡೆಯುವ ಒಂದು ರಾಸಾಯನಿಕ. ಅವಸರದ ತಿದ್ದುಪಡಿ ಹೀಗಿರುತ್ತದೆ: ‘ಬೇವಿನ ಹಿಂಡಿಯ ಅಜಾಡಿರಾಕ್ಟಿನ್ ಜಂತುಹುಳುಗಳನ್ನು ಕೊಂದು ಬೇರುಗಂಟು ರೋಗವನ್ನು ನಿಯಂತ್ರಿಸುತ್ತದೆ.’ ಓದಲು ಎಷ್ಟು ಸಲೀಸು! ಆದರೆ ಈ ಒಂದು ಸಾಲಿನಲ್ಲಿರುವ ಮೂರು ಸಂಗತಿಗಳನ್ನು ಮೂಲ ಹೇಳಿಯೇ ಇರಲಿಲ್ಲ. ಹುಳುಗಳು ಸತ್ತದ್ದನ್ನು ಯಾರೂ ನೋಡಿಲ್ಲ, ನೋಡಿದ್ದು ಬೇರಿನ ಮೇಲಿನ ಗಂಟುಗಳನ್ನು. ಅಜಾಡಿರಾಕ್ಟಿನ್ ಕಾರಣವೆಂಬುದು ಊಹೆ. ‘ನಿಯಂತ್ರಿಸಿತು’ ಎನ್ನುವ ಬದಲು ‘ನಿಯಂತ್ರಿಸುತ್ತದೆ’ ಎಂದದ್ದರಿಂದ ಆ ಹೊಲದ, ಆ ಹಂಗಾಮಿನ ಮಾತು ಎಲ್ಲ ಹೊಲಗಳ ಮಾತಾಯಿತು.

ತಪ್ಪಾದದ್ದು ಕರ್ತೃವನ್ನು ಹುಡುಕಿದ ರೀತಿಯಲ್ಲಿ. ಕರ್ಮಣಿ ವಾಕ್ಯದಲ್ಲಿ ಕರ್ತೃವಿನ ಜಾಗ ಖಾಲಿಯಿರುತ್ತದೆ. ಆ ಜಾಗಕ್ಕೆ ಹತ್ತಿರದಲ್ಲಿ ಸಿಕ್ಕ ನಾಮಪದವನ್ನು ತಂದು ಕೂರಿಸಿದರೆ ವಸ್ತುವೇ ಕರ್ತೃವಾಗುತ್ತದೆ, ಕರ್ತೃವಾದ ವಸ್ತು ಕಾರಣವೂ ಆಗುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು ಈ ಕ್ರಿಯೆಯನ್ನು ನಿಜವಾಗಿ ಮಾಡಿದವರು ಯಾರು ಎಂದು. ಹಾಕಿದವರು ಸಂಶೋಧಕರು. ಗಮನಿಸಿದವರೂ ಅವರೇ. ‘ಭಾವಿಸಲಾಗಿದೆ’ ಎಂಬುದರಲ್ಲಿ ಮಾತ್ರ ತೊಡಕಿದೆ. ಭಾವಿಸಿದವರು ಈ ಲೇಖಕರೇ, ಹಿಂದಿನ ಸಂಶೋಧಕರೇ, ಅಥವಾ ಊರಿನ ರೈತರೇ? ವಾಕ್ಯವನ್ನು ಎಷ್ಟು ತಿರುಗಿಸಿ ನೋಡಿದರೂ ಉತ್ತರ ಸಿಗುವುದಿಲ್ಲ. ತಿದ್ದುವವರು ಲೇಖಕರನ್ನೇ ಕೇಳಬೇಕು. ಕೇಳದೆ ‘ನಾವು ಭಾವಿಸುತ್ತೇವೆ’ ಎಂದು ಬರೆದರೆ ಬೇರೆಯವರ ಊಹೆಯನ್ನು ಇವರ ತಲೆಗೆ ಕಟ್ಟಿದಂತೆ.

ಕರ್ತರಿಯಲ್ಲಿ ಬರೆದರೆ ‘ನಾವು, ನಾವು’ ಎಂದು ಹೇಳಿಕೊಂಡಂತಾಗುತ್ತದೆ ಎಂಬ ಸಂಕೋಚ ಹಲವರಿಗಿದೆ. ಇಂಗ್ಲಿಷಿನಲ್ಲಿ ಆ ಕಷ್ಟ ನಿಜ, ಕನ್ನಡಕ್ಕೆ ಅದಿಲ್ಲ. ‘ಹಾಕಿದೆವು’, ‘ಎಣಿಸಿದೆವು’ ಎಂದರೆ ಸಾಕು, ಮಾಡಿದವರು ಕ್ರಿಯಾಪದದ ಕೊನೆಯಲ್ಲೇ ಇದ್ದಾರೆ. ಇಷ್ಟು ಸುಲಭದ ದಾರಿಯಿರುವಾಗ ನಾವು ‘ಅಲ್ಪಟ್ಟಿತು’ ಎಂಬ ಭಾರ ಹೊರುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನು ಎಚ್ಚರದ ಮಾತಿನ ವಿಚಾರ. ಕನ್ನಡದಲ್ಲಿ ಅನುಮಾನವನ್ನು ಹೊರುವುದು ಹೆಚ್ಚಾಗಿ ‘ಬಹುದು’. ಈ ಪುಟ್ಟ ಪದಕ್ಕೆ ಹಲವು ಅರ್ಥಗಳಿವೆ, ತಿದ್ದುವವರು ಎಡವುವುದೂ ಇಲ್ಲೇ. ‘ನೀವು ಒಳಗೆ ಬರಬಹುದು’ ಎಂದರೆ ಅನುಮತಿ. ‘ನಾಳೆ ಮಳೆ ಬರಬಹುದು’ ಎಂದರೆ ಅಂದಾಜು. ‘ಬೇವಿನ ಹಿಂಡಿಯಿಂದ ಬೇರುಗಂಟು ಕಡಿಮೆ ಮಾಡಬಹುದು’ ಎಂದರೆ? ಲೇಖಕರ ಮನಸ್ಸಿನಲ್ಲಿ ಅದು ಅಂದಾಜು; ಓದುವ ರೈತನಿಗೆ ಅದು ಸಲಹೆ. ಅಂಗಡಿಗೆ ಹೋಗಿ ಹಿಂಡಿ ತರುತ್ತಾನೆ. ‘ಕಡಿಮೆ ಮಾಡಿರಬಹುದು’ ಎಂದು ಬರೆದರೆ ಈ ಗೊಂದಲವಿಲ್ಲ: ನಡೆದುಹೋದ ಒಂದು ಘಟನೆಯ ಬಗ್ಗೆ ಮಾಡಿದ ಊಹೆ ಎಂಬುದು ಸ್ಪಷ್ಟ. ‘ಮಾಡಬಹುದು’ ಮತ್ತು ‘ಮಾಡಿರಬಹುದು’ ನಡುವಿನ ಈ ‘ಇರ’ ತುಂಬ ದೊಡ್ಡದು. ಮೂಲದ ‘ಉಂಟಾಗಿರಬಹುದು’ ಎಂಬುದರಲ್ಲಿ ಅದಿತ್ತು, ಅವಸರದ ತಿದ್ದುಪಡಿಯಲ್ಲಿ ಅದೇ ಕಾಣೆಯಾಯಿತು. ‘ಸೂಚಿಸು’ ಎಂಬ ಪದಕ್ಕೂ ಇದೇ ತೊಂದರೆ. ‘ಫಲಿತಾಂಶ ಸೂಚಿಸುತ್ತದೆ’ ಎಂದರೆ ಸುಳಿವು, ‘ಇಲಾಖೆ ಸೂಚಿಸಿದೆ’ ಎಂದರೆ ಆದೇಶ. ಅಧ್ಯಯನವು ರೈತರಿಗೆ ಏನನ್ನೋ ‘ಸೂಚಿಸುವ’ ವಾಕ್ಯ ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ.

ಹಾಗೆಂದು ‘ಬಹುದು’ಗಳನ್ನು ಪೇರಿಸಬಾರದು. ‘ಕಾರಣವಾಗಿರಬಹುದು ಎಂದು ಊಹಿಸಬಹುದಾಗಿದೆ’ ಎಂಬಲ್ಲಿ ಅನುಮಾನದ ಮೇಲೆ ಅನುಮಾನ ಬಿದ್ದು ಹೇಳಿಕೆಯೇ ಕರಗಿದೆ. ಅನುಮಾನ ಎಲ್ಲಿದೆಯೋ ಅಲ್ಲಿ ಒಂದೇ ಸಲ ಹೇಳಿ, ಯಾಕೆ ಎಂಬುದನ್ನೂ ಸೇರಿಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಮಾದರಿಯಲ್ಲಿ ಆ ‘ಯಾಕೆ’ ಸ್ವಾರಸ್ಯಕರವಾಗಿದೆ. ಯಾವ ಹಿಂಡಿಯೇ ಆಗಲಿ, ಮಣ್ಣಿನಲ್ಲಿ ಕೊಳೆಯುವಾಗ ಅದರ ಸಾರಜನಕದಿಂದ ಅಮೋನಿಯಾ ಹೊರಬರುತ್ತದೆ, ಅದೂ ಜಂತುಹುಳುಗಳಿಗೆ ವಿಷ. ಗಂಟು ಕಡಿಮೆಯಾದದ್ದು ಬೇವಿನ ಗುಣದಿಂದಲೋ, ಹಿಂಡಿ ಎಂಬ ಕಾರಣಕ್ಕೋ? ಅಷ್ಟೇ ಸಾರಜನಕ ಸಿಗುವಂತೆ ಕಡಲೆಕಾಯಿ ಹಿಂಡಿ ಹಾಕಿದ ತಾಕುಗಳೂ ಇದ್ದಿದ್ದರೆ ಹೋಲಿಸಿ ನೋಡಬಹುದಿತ್ತು. ಅವಿಲ್ಲದಿದ್ದಾಗ ‘ಇರಬಹುದು’ ತೆಗೆಯುವ ಹಕ್ಕು ಲೇಖಕರಿಗೂ ಇಲ್ಲ, ತಿದ್ದುವವರಿಗೂ ಇಲ್ಲ.

ಕರ್ತರಿಯಲ್ಲಿ ಬರೆದರೆ ಮಾತು ತಾನಾಗಿ ಖಚಿತವಾಗಿಬಿಡುತ್ತದೆ ಎಂದುಕೊಂಡವರು 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಬರೆದ ಡಿಎನ್‌ಎ ಲೇಖನವನ್ನು ನೋಡಬೇಕು. ಅದರ ಮೊದಲ ವಾಕ್ಯದ ಕರ್ತೃ ‘ನಾವು’. ಆದರೆ ಅವರು ರಚನೆಯನ್ನು ಕಂಡುಹಿಡಿದಿದ್ದೇವೆ ಎನ್ನುವುದಿಲ್ಲ, ಒಂದು ರಚನೆಯನ್ನು ಮುಂದಿಡಲು ಬಯಸುತ್ತೇವೆ ಎನ್ನುತ್ತಾರೆ. ತಳಿಗುಣದ ನಕಲು ಹೇಗಾಗುತ್ತದೆ ಎಂಬ ಭಾರೀ ವಿಚಾರ ಬಂದಾಗಲೂ ಅದನ್ನು ಒಂದು ಸಾಧ್ಯತೆ ಎಂದಷ್ಟೇ ಕರೆಯುತ್ತಾರೆ.

ಮಾದರಿಯನ್ನು ಈಗ ಹೀಗೆ ತಿದ್ದುತ್ತೇನೆ. ವಿವರಗಳನ್ನು ಲೇಖಕರನ್ನು ಕೇಳಿ ತಿಳಿದುಕೊಂಡೆವು ಎಂದಿಟ್ಟುಕೊಳ್ಳೋಣ. ‘ನಾಟಿಗೆ ಮುಂಚೆ ಅರ್ಧದಷ್ಟು ಟೊಮೆಟೊ ತಾಕುಗಳಿಗೆ ಬೇವಿನ ಹಿಂಡಿ ಹಾಕಿದೆವು. ಕೊಯ್ಲಿನ ನಂತರ ಗಿಡ ಕಿತ್ತು ಎಣಿಸಿದಾಗ ಆ ತಾಕುಗಳಲ್ಲಿ ಬೇರುಗಂಟುಗಳು ಕಡಿಮೆಯಿದ್ದವು. ಹಿಂಡಿಯಲ್ಲಿರುವ ಅಜಾಡಿರಾಕ್ಟಿನ್ ಜಂತುಹುಳುಗಳನ್ನು ತಡೆದಿರಬಹುದು ಎಂಬುದು ನಮ್ಮ ಊಹೆ. ಹಿಂಡಿ ಕೊಳೆಯುವಾಗ ಹೊರಬಂದ ಅಮೋನಿಯಾದಿಂದಲೂ ಹೀಗಾಗಿರಬಹುದು. ಇವೆರಡನ್ನು ಬೇರ್ಪಡಿಸಿ ನೋಡುವ ತಾಕುಗಳು ನಮ್ಮ ಪ್ರಯೋಗದಲ್ಲಿರಲಿಲ್ಲ.’

ಮಾಡಿದ್ದು, ಎಣಿಸಿದ್ದು, ಊಹಿಸಿದ್ದು ಮೂರೂ ಬೇರೆ ಬೇರೆ ವಾಕ್ಯಗಳಲ್ಲಿವೆ. ಕಂಡದ್ದನ್ನು ಹೇಳುವಲ್ಲಿ ಅನುಮಾನವಿಲ್ಲ, ಏಕೆಂದರೆ ಗಂಟುಗಳನ್ನು ಎಣಿಸಿಯೇ ನೋಡಿದ್ದಾರೆ. ಒಂದು ಮಾತು ಉಳಿಯಿತು: ಮಾಡಿದವರು ಯಾರೆಂಬುದು ಯಾರಿಗೂ ಬೇಡವಾದ ಕಡೆ, ಉದಾಹರಣೆಗೆ ‘ಮಣ್ಣನ್ನು ನೆರಳಿನಲ್ಲಿ ಒಣಗಿಸಲಾಯಿತು’ ಎಂಬಲ್ಲಿ, ನಾನು ಕೈ ಹಾಕುವುದಿಲ್ಲ. ಅಲ್ಲಿ ಓದುಗರಿಗೆ ಬೇಕಾದದ್ದು ಮಣ್ಣು.