ಬಾಳೆನಾರಿನ ಬುಟ್ಟಿಗೆ ಆನ್‌ಲೈನ್ ರೇಟು: ವಾಪಸ್ ಬಂದ ಮಾಲಿನ ಖರ್ಚು ಎಲ್ಲಿ ಹಾಕೋದು?

ಆನೆಗೊಂದಿ ಕಡೆ ಹೆಣೆಯುವ ಬಾಳೆನಾರಿನ ಮುಚ್ಚಳದ ಬುಟ್ಟಿಯನ್ನೇ ಉದಾಹರಣೆಗೆ ತಗೊಂಡಿದ್ದೇನೆ. ಅಂಕಿಗಳು ಲೆಕ್ಕ ಕಲಿಯೋಕೆ ಹಾಕಿಕೊಂಡವು. ನೀವು ಮಾರುವ ಆ್ಯಪಿನ ರೇಟ್ ಕಾರ್ಡ್ ನೋಡಿ ಬದಲಿಸಿಕೊಳ್ಳಿ.

ನಾರು, ಬಣ್ಣ, ಹೆಣೆದವರ ಕೂಲಿ ಸೇರಿ ಒಂದು ಬುಟ್ಟಿಗೆ 300 ರೂಪಾಯಿ. ಮನೆಯವರೇ ಹೆಣೆದರೂ ಕೂಲಿ ಹಾಕಲೇಬೇಕು. ರಟ್ಟಿನ ಡಬ್ಬ, ಟೇಪು, ಒಳಗಿನ ಕಾಗದಕ್ಕೆ 30. ಪ್ರತಿ ಆರ್ಡರಿಗೆ ಆನ್‌ಲೈನ್ ಮಾರುಕಟ್ಟೆ ಹಿಡಿಯುವ ನಿಗದಿತ ಶುಲ್ಕ ಜಿಎಸ್‌ಟಿ ಸೇರಿ 24.

ಕೊರಿಯರ್‌ಗೆ 120. ಬುಟ್ಟಿ ತೂಗಿದರೆ ಡಬ್ಬದ ಸಮೇತ 400 ಗ್ರಾಂ, ಆದರೆ ಬಿಲ್ ಬರುವುದು ಒಂದೂವರೆ ಕಿಲೋಗೆ. ಕೊರಿಯರ್‌ನವರು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ರಿಂದ ಭಾಗಿಸುತ್ತಾರೆ. 25 × 20 × 15 ಅಂದರೆ 7500, ಅದು 1.5 ಕಿಲೋ. ನಿಜವಾದ ತೂಕ, ಈ ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಾರಿನ ಮಾಲು ಹಗುರ, ಆದರೆ ಜಾಗ ತಿನ್ನುತ್ತದೆ. ಹಾಗಾಗಿ ತಕ್ಕಡಿಗಿಂತ ಮೊದಲು ಟೇಪು ಹಿಡಿದು ಡಬ್ಬ ಅಳೆಯಿರಿ.

ಈಗ ವಾಪಸಾತಿ. ನನ್ನ ತಲೆ ಬಹಳ ತಿಂದದ್ದು ಇದೇ, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

20 ಬುಟ್ಟಿ ಕಳಿಸಿದೆವು, 2 ವಾಪಸ್ ಬಂದವು ಅಂದುಕೊಳ್ಳಿ. ದುಡ್ಡು ಗಿರಾಕಿಗೆ ಹಿಂದಿರುಗುತ್ತದೆ. ಆ ಆರ್ಡರಿನ ಕಮಿಷನ್ ಸಾಮಾನ್ಯವಾಗಿ ನಮಗೂ ಮರಳುತ್ತದೆ, 24ರ ಶುಲ್ಕವೂ ಮರಳಿತು ಅಂದುಕೊಳ್ಳೋಣ. ಆದರೆ ಹೋಗುವಾಗಿನ ಕೊರಿಯರ್ 120, ಬರುವಾಗಿನದು 120, ಪ್ಯಾಕಿಂಗ್ 30 ಕೈಬಿಟ್ಟಂತೆ. ಒಂದಕ್ಕೆ 270, ಎರಡಕ್ಕೆ 540. ಬಂದ ಎರಡರಲ್ಲಿ ಒಂದು ಅಪ್ಪಚ್ಚಿಯಾಗಿ ಮತ್ತೆ ಮಾರೋಕೆ ಬರದಿದ್ದರೆ ಅದರ 300 ಕೂಡ ಹೋಯಿತು. ಒಟ್ಟು 840.

ಈ 840ನ್ನು ಎಷ್ಟರಿಂದ ಭಾಗಿಸಬೇಕು? ಕಳಿಸಿದ್ದು 20 ಅಲ್ವಾ, ಹಾಗಾದರೆ ತಲಾ 42 ಅಂತ ಕೈ ತಾನೇ ಬರೆಯುತ್ತದೆ. ಆದರೆ ವಾಪಸ್ ಬಂದ ಎರಡು ಆರ್ಡರಿನಿಂದ ಒಂದು ಪೈಸೆಯೂ ಬಂದಿಲ್ಲ. ಅವು 42 ಕೊಡುವುದಾದರೂ ಎಲ್ಲಿಂದ? ಗಿರಾಕಿ ಇಟ್ಟುಕೊಂಡ 18 ಬುಟ್ಟಿಗಳೇ ಪೂರ್ತಿ 840 ಹೊರಬೇಕು. 840 ÷ 18, ಅಂದರೆ ಸುಮಾರು 47.

ಐದು ರೂಪಾಯಿ ವ್ಯತ್ಯಾಸ ತಾನೇ ಅನ್ನಿಸಬಹುದು. 20ಕ್ಕೆ 6 ವಾಪಸ್ ಬಂದು, ಅದರಲ್ಲಿ 3 ಹಾಳಾದರೆ ನೋಡಿ. ನಷ್ಟ 2520. ಇಪ್ಪತ್ತರಿಂದ ಭಾಗಿಸಿದರೆ 126, ಹದಿನಾಲ್ಕರಿಂದ ಭಾಗಿಸಿದರೆ 180. ಒಂದೊಂದು ಬುಟ್ಟಿಗೂ 54 ರೂಪಾಯಿ ಖೋತಾ. ವಾಪಸಾತಿ ಹೆಚ್ಚಿದಷ್ಟೂ ನಷ್ಟ ಬೆಳೆಯುತ್ತದೆ, ಅದನ್ನು ಹೊರುವ ಬುಟ್ಟಿಗಳು ಕಮ್ಮಿಯಾಗುತ್ತವೆ. ಎರಡೂ ಒಟ್ಟಿಗೆ ಆಗುವುದರಿಂದಲೇ ಹೊಡೆತ ಜೋರು.

ಕೂಡಿಸೋಣ: 300 + 30 + 24 + 120 + 47 = 521. ಲಾಭ 80 ಇಟ್ಟರೆ ನಮ್ಮ ಕೈಗೆ 601 ಬರಬೇಕು.

ಉಳಿದದ್ದು ಕಮಿಷನ್. 15 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸೇರಿ 17.7. ಜೊತೆಗೆ ಕಲಿಯುವ ಅಕ್ಕ ಕೇಳಿದ್ದರು: "601ಕ್ಕ 17.7 ಪರ್ಸೆಂಟ್ ಕೂಡಿಸಿದ್ರ ಆತಲ್ಲ?" ಹಾಗೆ ಮಾಡಿದರೆ 707 ಬರುತ್ತದೆ. ಆದರೆ ಮಾರುಕಟ್ಟೆ ಕಮಿಷನ್ ಹಿಡಿಯುವುದು 601ರ ಮೇಲಲ್ಲ, ನಾವು ಹಾಕಿದ 707ರ ಮೇಲೆ. 125 ಹೋಗಿ 582 ಉಳಿಯುತ್ತದೆ. 80ರ ಲಾಭದಲ್ಲಿ 19 ಅಲ್ಲೇ ಕರಗಿತು. ನೂರರಲ್ಲಿ 17.7 ಅವರಿಗೆ ಹೋದರೆ ನಮಗೆ ಉಳಿಯುವುದು 82.3. ಆದ್ದರಿಂದ ಭಾಗಿಸಬೇಕು:

```
601 ÷ 0.823 = 730
```

ಮಾರುವ ರೇಟು 730. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಬುಟ್ಟಿಯ ಮೇಲಿನ ತೆರಿಗೆಯ ಲೆಕ್ಕ ಬೇರೆ, ಅದನ್ನಿಲ್ಲಿ ಸೇರಿಸಿಲ್ಲ.

730 ಜಾಸ್ತಿ ಆಯಿತು ಅನ್ನಿಸಿದರೆ ಕೂಲಿಗೆ ಕೈ ಹಾಕಬೇಡಿ, ಡಬ್ಬಕ್ಕೆ ಕೈ ಹಾಕಿ. ಮುಚ್ಚಳದ ಮೇಲೆ ಹಿಡಿ ಎದ್ದು ನಿಂತಿರುತ್ತದಲ್ಲ, ಅದಕ್ಕೇ ಡಬ್ಬ ಎತ್ತರ ಬೇಕಾಗುವುದು. ಮುಚ್ಚಳವನ್ನು ತಲೆಕೆಳಗು ಮಾಡಿ, ಹಿಡಿ ಬುಟ್ಟಿಯೊಳಗೆ ಇಳಿಯುವಂತೆ ಇಡಿ. ಎತ್ತರ 15ರಿಂದ 10ಕ್ಕೆ ಬಂದರೆ ಗಾತ್ರದ ತೂಕ ಸರಿಯಾಗಿ 1 ಕಿಲೋ. ಕೊರಿಯರ್ 120 ಇದ್ದದ್ದು 90 ಆಯಿತು ಅಂದುಕೊಳ್ಳಿ. ಉಳಿದದ್ದು ಬರೀ 30 ಅಲ್ಲ. ಒಂದೊಂದು ವಾಪಸಾತಿಯಲ್ಲೂ ಹೋಗಿಬರುವ ಖರ್ಚು 60 ಇಳಿದು, 47 ಇದ್ದದ್ದು 40 ಆಗುತ್ತದೆ. ಕಮಿಷನ್ನೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಅದೇ 80 ಲಾಭ ಇಟ್ಟುಕೊಂಡೇ ಬುಟ್ಟಿಯನ್ನು 685ಕ್ಕೆ ಮಾರಬಹುದು.